ಜಾರಿದ ಮಾತು ಮತ್ತು ಅಳಿಸುವ ಗುಂಡಿ



‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿ ಬಲ್ಲೆವು. ಆಡುವ ಮುನ್ನ ಯೋಚಿಸು ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಆಡಿಯೇ ಬಿಟ್ಟವನು ಮುಂದೇನು ಮಾಡಬೇಕು ಎಂಬ ಪ್ರಶ್ನೆಗೆ ಗಾದೆಯು ಉತ್ತರಿಸುವುದಿಲ್ಲ. ಒಡೆದ ಮುತ್ತು ಕೂಡದು, ನಿಜ. ಜಾರಿದ ಮಾತಾದರೋ ಹಲವೊಮ್ಮೆ ಕೂಡುತ್ತದೆ. ಕೂಡುವ ಬಗೆ ಯಾವುದು, ಕೂಡದಿರುವ ಸಂದರ್ಭ ಯಾವುದು ಎಂಬುದನ್ನು ವಿಚಾರ ಮಾಡುವುದೇ ಈ ಬರಹದ ಉದ್ದೇಶ.

ಈ ವಿಚಾರ ಮನಸ್ಸಿಗೆ ಬರಲು ಕಾರಣವಾದುದು ಇಂದಿನ ಮನೆಗಳಲ್ಲಿ ವಧೂವರರ ಪರಿಚಯ ನಡೆಯುವ ರೀತಿ. ಹಿಂದೆ ಹೆಣ್ಣು ನೋಡಲು ಹೋದಾಗ ಹಿರಿಯರ ಎದುರಿನಲ್ಲಿ ನಾಲ್ಕು ಮಾತು ಆಡುವುದಷ್ಟೇ ಇತ್ತು. ಮಾತು ತಪ್ಪಿದರೆ ಪಕ್ಕದಲ್ಲಿದ್ದ ಸೋದರಮಾವನೋ ಅತ್ತಿಗೆಯೋ ನಕ್ಕು ಬೇರೆ ಮಾತು ತೆಗೆದು ಸರಿಪಡಿಸುತ್ತಿದ್ದರು. ಈಗ ಎರಡು ಮನೆಯವರಿಗೂ ಒಪ್ಪಿಗೆಯೆನಿಸಿದೊಡನೆ ಹುಡುಗ ಹುಡುಗಿಯರ ದೂರವಾಣಿ ಸಂಖ್ಯೆಗಳು ಕೈ ಬದಲಾಗುತ್ತವೆ. ಮುಂದಿನ ಎರಡು ಮೂರು ವಾರ ಇಬ್ಬರೇ ವಾಟ್ಸಾಪಿನಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಮುಖ ಕಾಣದು, ದನಿ ಕೇಳದು, ಮಾತು ತಿದ್ದುವ ಅತ್ತಿಗೆಯೂ ಇಲ್ಲ. ಸಂಬಂಧ ಇನ್ನೂ ಎಳೆಯದಾದುದರಿಂದ ಒಂದು ಸಾಲು ತಪ್ಪಿದರೆ ಅದನ್ನು ತೂಗಿ ನೋಡಲು ಹಳೆಯ ಒಳ್ಳೆಯ ನೆನಪುಗಳ ಗಂಟು ಸಹ ಇರುವುದಿಲ್ಲ.

ನನ್ನ ಅರಿವಿಗೆ ಬಂದ ಒಂದು ಪ್ರಸಂಗವನ್ನು ಹೆಸರು ಹೇಳದೆ ಇಲ್ಲಿ ನಿವೇದಿಸುತ್ತೇನೆ. ಹುಡುಗ ಮೈಸೂರು ಕಡೆಯವನು, ಬೆಂಗಳೂರಿನಲ್ಲಿ ಉದ್ಯೋಗ. ಹುಡುಗಿ ಗದಗ ಸೀಮೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಬರೆದುಕೊಳ್ಳಲು ಆರಂಭಿಸಿ ಐದನೆಯ ರಾತ್ರಿ. ಮಾತು ಸಲೀಸಾಗಿ ಸಾಗಿತ್ತು. ಶಾಲೆಯಲ್ಲಿ ನಡೆಯಲಿದ್ದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಅಣಿಗೊಳಿಸುತ್ತಿರುವ ಬಗ್ಗೆ ಆಕೆ ಉತ್ಸಾಹದಿಂದ ಬರೆದಿದ್ದಳು. ಆ ಸಲುಗೆಯಲ್ಲಿ ಅವನು ಬರೆದ: “ನಿಮ್ಮ ಕಡೆಯವರು ಪ್ರೀತಿಯಿಂದ ಮಾತಾಡಿದ್ರೂ ಜಗಳ ಆಡಿದ ಹಾಗೆ ಇರುತ್ತೆ ಅಂತಾರೆ. ಮಕ್ಕಳು ಹೆದರಲ್ವಾ?” ಕೊನೆಗೆ ಎರಡು ನಗುಮುಖ.

ಹತ್ತು ನಿಮಿಷದ ಮೇಲೆ ಉತ್ತರ ಬಂತು: “ಹೌದ್ರಿ.” ಅಷ್ಟೇ.

ಅದುವರೆಗೆ ಮೂರು ನಾಲ್ಕು ಸಾಲು ಬರೆಯುತ್ತಿದ್ದವಳಿಂದ ಒಂದೇ ಪದ ಬಂದಾಗ ಅವನಿಗೆ ಏನೋ ತಪ್ಪಿತೆಂದು ಹೊಳೆಯಿತು. ಆಗ ಅವನು ಮಾಡಿದ್ದು ನಾವೆಲ್ಲರೂ ಮಾಡುವಂಥದ್ದೇ. “ತಮಾಷೆಗೆ ಹೇಳಿದೆ ಅಷ್ಟೇ, ಸೀರಿಯಸ್ಸಾಗಿ ತಗೋಬೇಡಿ” ಎಂದು ಬರೆದ. ಉತ್ತರವಿಲ್ಲ. “ಬೇಜಾರಾಗಿದ್ರೆ ಸಾರಿ” ಎಂದು ಬರೆದ. ಉತ್ತರವಿಲ್ಲ. ಗಾಬರಿಯಿಂದ ಮೊದಲಿನ ಸಂದೇಶವನ್ನೇ ಎರಡೂ ಕಡೆ ಅಳಿಸಿಬಿಟ್ಟ. ಆಗ ಒಂದು ಸಾಲು ಬಂತು: “ಅಳಿಸೋದ್ಯಾಕ್ರಿ? ನಾ ಆಗ್ಲೇ ಓದೀನಲ್ರಿ.”

ಈ ಹಂತದಲ್ಲಿ ಒಂದು ತಪ್ಪು ಮೂರಾಯಿತು. ಅವು ಯಾವುವೆಂಬುದನ್ನು ಬಿಡಿಸಿ ನೋಡೋಣ.

ಮೊದಲನೆಯದು ಹಾಸ್ಯವೇ. ಬರೆದವನ ಕಿವಿಯಲ್ಲಿ ತನ್ನದೇ ದನಿ ಇರುತ್ತದೆ. ತಾನು ನಗುತ್ತ ಬರೆದುದು ಓದುವವರಿಗೂ ನಗುತ್ತಲೇ ಕೇಳಿಸುವುದೆಂದು ಅವನು ನಂಬುತ್ತಾನೆ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆ ಇದನ್ನೇ ಅಳೆಯಿತು. ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿಯೂ ಕೆಲವನ್ನು ಗಂಭೀರವಾಗಿಯೂ ಇ-ಮೇಲಿನಲ್ಲಿ ಬರೆದು ಕಳುಹಿಸಲು ಹೇಳಲಾಯಿತು. ನೂರಕ್ಕೆ ಸುಮಾರು 78 ಸಲ ಓದುವವರು ತಮ್ಮ ಭಾವವನ್ನು ಸರಿಯಾಗಿ ಹಿಡಿಯುವರೆಂದು ಬರೆದವರು ಎಣಿಸಿದ್ದರು. ಓದಿದವರು ಸರಿಯಾಗಿ ಹಿಡಿದದ್ದು ಸುಮಾರು 56 ಸಲ ಮಾತ್ರ. ಕಣ್ಣು ಮುಚ್ಚಿ ಊಹಿಸಿದರೂ ನೂರಕ್ಕೆ 50 ಸಲ ಸರಿಹೋಗುತ್ತಿತ್ತು ಎಂಬುದನ್ನು ನೆನೆದರೆ ಬರವಣಿಗೆಯಲ್ಲಿ ದನಿ ಎಷ್ಟು ಕಳೆದುಹೋಗುವುದೆಂದು ತಿಳಿಯುತ್ತದೆ. ಅದೇ ವಾಕ್ಯಗಳನ್ನು ದನಿಯಲ್ಲಿ ಕೇಳಿಸಿದಾಗ ಗ್ರಹಿಕೆ ಬಹುಮಟ್ಟಿಗೆ ಸರಿಯಾಗಿತ್ತು. ಆದ್ದರಿಂದ “ಅವರಿಗೆ ತಮಾಷೆ ಅರ್ಥವಾಗಲಿಲ್ಲ” ಎಂದು ಓದಿದವರನ್ನು ದೂರುವುದು ನ್ಯಾಯವಲ್ಲ. ದನಿಯಿಲ್ಲದ ಕಡೆ ದನಿಯನ್ನೇ ನಂಬಿದ ಹಾಸ್ಯವನ್ನು ಕಳುಹಿಸಿದವನದೇ ಹೊಣೆ.

ಎರಡನೆಯದು “ಬೇಜಾರಾಗಿದ್ರೆ ಸಾರಿ” ಎಂಬ ಮಾತು. ಕೇಳಲು ವಿನಯವಾಗಿದೆ, ಆದರೆ ಅದರ ಒಳಗೊಂದು ‘ಆಗಿದ್ದರೆ’ ಕುಳಿತಿದೆ. ಆ ‘ಆಗಿದ್ದರೆ’ ತಪ್ಪನ್ನು ಹೇಳಿದವನಿಂದ ಎತ್ತಿ ಕೇಳಿದವಳ ಮಡಿಲಿಗೆ ಹಾಕುತ್ತದೆ. ನನ್ನ ಮಾತು ಸರಿಯೇ ಇತ್ತು, ನಿಮಗೆ ಬೇಸರವಾದದ್ದು ನಿಮ್ಮ ಸ್ವಭಾವ ಎಂಬ ಅರ್ಥ ಅಲ್ಲಿಂದ ಹೊರಡುತ್ತದೆ. “ಸೀರಿಯಸ್ಸಾಗಿ ತಗೋಬೇಡಿ” ಎಂಬುದಂತೂ ಕ್ಷಮೆಯೇ ಅಲ್ಲ, ಅದು ಆಜ್ಞೆ.

ಮೂರನೆಯದು ಅಳಿಸಿದ್ದು. ಈ ಸೌಲಭ್ಯದ ಸ್ವರೂಪವನ್ನು ಅರಿಯದೆ ಅನೇಕರು ಇದನ್ನು ಬಳಸುತ್ತಾರೆ. ವಾಟ್ಸಾಪಿನಲ್ಲಿ ಎರಡೂ ಕಡೆ ಅಳಿಸುವ ಅವಕಾಶ 2017ರಲ್ಲಿ ಬಂದಾಗ ಅದಕ್ಕೆ 7 ನಿಮಿಷಗಳ ಮಿತಿ ಇತ್ತು. 2022ರಲ್ಲಿ ಆ ಮಿತಿ ಎರಡು ದಿನಕ್ಕೂ ತುಸು ಹೆಚ್ಚಾಯಿತು. ಆದರೆ ಅಳಿಸಿದ ಜಾಗ ಬರಿದಾಗಿ ಉಳಿಯುವುದಿಲ್ಲ. ಇಲ್ಲಿದ್ದ ಸಂದೇಶವನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಎದುರಿನವರ ಪರದೆಯ ಮೇಲೆ ನಿಲ್ಲುತ್ತದೆ. ಅಷ್ಟರಲ್ಲಿ ಮೂಲ ಸಂದೇಶವನ್ನು ಅವರು ಸಂಭಾಷಣೆ ತೆರೆಯದೆಯೇ ಮೇಲಿನ ಸೂಚನೆಯಲ್ಲಿ ಓದಿರಬಹುದು. ಎರಡು ನೀಲಿ ಗೆರೆಗಳು ಮೂಡಿಲ್ಲವೆಂದು ‘ಅವರು ನೋಡಿಲ್ಲ’ ಎಂದು ತಿಳಿಯುವುದು ಈ ಕಾರಣದಿಂದಲೇ ಭ್ರಮೆ. 2023ರಿಂದ ಕಳುಹಿಸಿದ 15 ನಿಮಿಷಗಳೊಳಗೆ ಸಂದೇಶವನ್ನು ತಿದ್ದುವ ಅವಕಾಶವೂ ಇದೆ. ಅಲ್ಲಿಯೂ ತಿದ್ದಲಾಗಿದೆ ಎಂಬ ಗುರುತು ಉಳಿಯುತ್ತದೆ. ಹೀಗೆ ಓದಿದವಳಿಗೆ ಅಳಿಸಿದ್ದು ಪಶ್ಚಾತ್ತಾಪವಾಗಿ ಕಾಣದೆ ಸಾಕ್ಷಿ ಮುಚ್ಚಿದಂತೆ ಕಾಣುತ್ತದೆ. ಓದದವಳಿಗೆ ಅಲ್ಲೇನಿತ್ತೋ ಎಂಬ ಕಲ್ಪನೆ ಹುಟ್ಟುತ್ತದೆ. ಕಲ್ಪನೆಯು ಸಾಮಾನ್ಯವಾಗಿ ಮೂಲಕ್ಕಿಂತ ಕೆಟ್ಟದ್ದನ್ನೇ ಬರೆದುಕೊಳ್ಳುತ್ತದೆ.

ಇನ್ನು ಪ್ರಸಂಗದ ಮುಂದಿನ ಭಾಗ. ಆ ರಾತ್ರಿ ಅವನು ಎರಡು ಬಾರಿ ಕರೆ ಮಾಡಿದ, ಆಕೆ ಎತ್ತಲಿಲ್ಲ. ಮೂರನೆಯ ಕರೆಗೆ ಮೊದಲು ಅವನ ಅಕ್ಕ ತಡೆದಳು. “ನಿನಗೆ ನಿದ್ದೆ ಬರಲಿ ಅಂತ ಅವಳಿಂದ ‘ಪರವಾಗಿಲ್ಲ’ ಅನ್ನಿಸ್ಕೋಬೇಕು ಅಂತಿದ್ದೀಯ, ಅಲ್ವಾ?” ಎಂದು ಅವಳು ಕೇಳಿದಳಂತೆ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಸಂಗದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ. ಹತ್ತು ಬಾರಿ ಕ್ಷಮೆ ಕೇಳುವವನು ಎದುರಿನವರ ನೋವನ್ನು ಶಮನ ಮಾಡುತ್ತಿರುವುದಿಲ್ಲ, ತನ್ನ ಮುಜುಗರವನ್ನು ಅವರ ಕೈಯಿಂದ ಒರೆಸಿಕೊಳ್ಳುತ್ತಿರುತ್ತಾನೆ. ನೊಂದವರೇ ನೋಯಿಸಿದವನನ್ನು ಸಂತೈಸಬೇಕಾದ ವಿಪರ್ಯಾಸ ಅಲ್ಲಿ ಉಂಟಾಗುತ್ತದೆ.

ಮರುದಿನ ಸಂಜೆ, ಆಕೆ ಶಾಲೆಯಿಂದ ಮನೆಗೆ ಬಂದಿರಬಹುದಾದ ಹೊತ್ತು ನೋಡಿ, ಅವನು ಒಂದೇ ಸಂದೇಶ ಬರೆದ: “ನಿನ್ನೆ ನಿಮ್ಮ ಊರಿನ ಮಾತಿನ ಬಗ್ಗೆ ನಾನು ಮಾಡಿದ ತಮಾಷೆ ಸರಿ ಇರಲಿಲ್ಲ. ಯಾರೋ ಹೇಳಿದ್ದನ್ನ ಯೋಚಿಸದೆ ನಿಮಗೇ ಹೇಳಿದೆ. ಅದನ್ನ ಅಳಿಸಿದ್ದು ಇನ್ನೊಂದು ತಪ್ಪು. ಕ್ಷಮಿಸಿ. ಇನ್ನು ಮುಂದೆ ಆ ತಮಾಷೆ ನನ್ನ ಬಾಯಲ್ಲಿ ಬರಲ್ಲ. ಇದಕ್ಕೆ ನೀವು ಉತ್ತರ ಬರೀಲೇಬೇಕು ಅಂತೇನಿಲ್ಲ.”

ಈ ಆರು ಸಣ್ಣ ವಾಕ್ಯಗಳಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗಮನಿಸಬೇಕು. ತಪ್ಪು ಯಾವುದೆಂಬುದನ್ನು ಹೆಸರಿಸಿದ್ದಾನೆ. ‘ಏನಾದರೂ ತಪ್ಪಾಗಿದ್ದರೆ’ ಎಂದಿಲ್ಲ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿದ್ದಾನೆ, ಆದರೆ ಅದರ ಹಿಂದೆ ಅಡಗಿಲ್ಲ. ಮುಂದೇನು ಮಾಡುವೆನೆಂದು ಹೇಳಿದ್ದಾನೆ. ‘ಕ್ಷಮಿಸಿ’ ಎಂಬುದು ಒಂದೇ ಪದವಾಗಿದೆ. ‘ಕ್ಷಮಿಸಿದ್ದೀರಾ, ಹೇಳಿ’ ಎಂಬ ಒತ್ತಾಯವಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಯಾಚನೆಯ ಆರು ಅಂಗಗಳನ್ನು ಬೇರ್ಪಡಿಸಿ, ಯಾವುದು ಹೆಚ್ಚು ನಾಟುತ್ತದೆಂದು ಪರೀಕ್ಷಿಸಿದರು. ವಿಷಾದ, ವಿವರಣೆ, ಹೊಣೆಯ ಒಪ್ಪಿಗೆ, ಪಶ್ಚಾತ್ತಾಪ, ಸರಿಪಡಿಸುವ ಮಾತು, ಕ್ಷಮೆಯ ಬೇಡಿಕೆ ಇವೇ ಆ ಆರು. ಇವುಗಳಲ್ಲಿ ಹೊಣೆಯನ್ನು ಒಪ್ಪಿಕೊಳ್ಳುವುದಕ್ಕೆ ಮೊದಲ ಸ್ಥಾನ, ಸರಿಪಡಿಸುವೆನೆಂಬುದಕ್ಕೆ ಎರಡನೆಯ ಸ್ಥಾನ ದೊರಕಿತು. ಕ್ಷಮಿಸಿರೆಂದು ಬೇಡುವುದಕ್ಕೆ ಕಡೆಯ ಸ್ಥಾನ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಲೆಕೆಳಗು. ಬೇಡಿಕೆಯನ್ನು ಹತ್ತು ಬಾರಿ ಬರೆಯುತ್ತೇವೆ, ಒಪ್ಪಿಗೆಯನ್ನು ಒಮ್ಮೆಯೂ ಬರೆಯುವುದಿಲ್ಲ.

ರಾತ್ರಿ ಒಂಬತ್ತರ ಸುಮಾರಿಗೆ ಉತ್ತರ ಬಂತು. “ಇರಲಿ ಬಿಡ್ರಿ” ಎಂದು ಆರಂಭಿಸಿ ಆಕೆ ಒಂದು ಸಂಗತಿ ಬರೆದಳು. ಬಿ.ಎಡ್. ಓದುವಾಗ ದಕ್ಷಿಣದ ಊರೊಂದರ ವಸತಿನಿಲಯದಲ್ಲಿ ಆಕೆ ಬಾಯಿ ತೆರೆದೊಡನೆ ಕೋಣೆಯ ಗೆಳತಿಯರು ಅವಳ ಮಾತನ್ನು ಅಣಕಿಸಿ ನಗುತ್ತಿದ್ದರು. ತರಗತಿಯಲ್ಲಿ ಪಾಠ ಒಪ್ಪಿಸುವ ದಿನ ತನ್ನ ನುಡಿಯನ್ನು ಬದಲಾಯಿಸಲು ಹೋಗಿ ತಡವರಿಸಿ ಅತ್ತಿದ್ದಳು. ಹಾಗಾದರೆ ಆ ಹಾಸ್ಯ ಅವನಿಗೆ ಹೊಸದು, ಅವಳಿಗೆ ನೂರನೆಯದು. ಹಾಸ್ಯದ ತೂಕ ಹೇಳಿದವನ ಉದ್ದೇಶದಿಂದ ಮಾತ್ರ ನಿರ್ಧಾರವಾಗದು, ಕೇಳಿದವರು ಅದನ್ನು ಅದೆಷ್ಟು ಸಲ ಹೊತ್ತಿದ್ದಾರೆ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಇದನ್ನು ಅವನು ಮೊದಲೇ ತಿಳಿಯುವುದು ಸಾಧ್ಯವಿರಲಿಲ್ಲ. ಸುಮ್ಮನೆ ಅಳಿಸಿ ಮುಂದೆ ಸಾಗಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ.

ಉತ್ತರ ಬಂದ ಮೇಲೆ ಅವನು ಮತ್ತೆ ಕ್ಷಮೆಯ ಮಾತಿಗೆ ತಿರುಗಲಿಲ್ಲ ಎಂಬುದು ಮೆಚ್ಚತಕ್ಕದ್ದು. “ಹೇಳಿದ್ದು ಒಳ್ಳೇದಾಯ್ತು” ಎಂದಷ್ಟೇ ಬರೆದ. ಮರುದಿನ ವಸ್ತುಪ್ರದರ್ಶನಕ್ಕೆ ಮಕ್ಕಳು ಏನೇನು ಮಾಡಿದರೆಂದು ಕೇಳಿದ. ತಾನು ಕೆಡಿಸಿದ ಮಾತು ಯಾವ ಜಾಗದಲ್ಲಿ ಕಡಿದಿತ್ತೋ ಅಲ್ಲಿಂದಲೇ ಎತ್ತಿಕೊಂಡ. ಆಕೆಯ ಉತ್ಸಾಹವನ್ನು ಆ ರಾತ್ರಿ ಅವನು ಹಾಸ್ಯಕ್ಕೆ ಬಳಸಿಕೊಂಡಿದ್ದನಲ್ಲವೇ? ಈಗ ಅದನ್ನು ಅವಳಿಗೆ ಮರಳಿಸಿದಂತಾಯಿತು.

ಗಾಯ ಮಾಗಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? “ಪರವಾಗಿಲ್ಲ” ಎಂಬ ಪದದಿಂದ ತಿಳಿಯದು, ಅದು ಸೌಜನ್ಯದಿಂದಲೂ ಬರುತ್ತದೆ. ಮೂರು ಗುರುತುಗಳನ್ನು ನೋಡಬಹುದು. ಉತ್ತರಗಳು ಮೊದಲಿನ ಉದ್ದಕ್ಕೆ ಮರಳುತ್ತವೆ. ಎದುರಿನವರು ತಾವಾಗಿ ಪ್ರಶ್ನೆ ಕೇಳತೊಡಗುತ್ತಾರೆ. ಕೊನೆಯದಾಗಿ, ಅದೇ ಪ್ರಸಂಗವನ್ನು ಹಿಡಿದು ಅವರೇ ನಗಾಡುತ್ತಾರೆ. ಎರಡು ವಾರದ ಮೇಲೆ ಒಂದು ಸಣ್ಣ ಭಿನ್ನಾಭಿಪ್ರಾಯದ ನಡುವೆ ಆಕೆ ಬರೆದಳಂತೆ: “ಈಗ ನಾ ಜಗಳಾ ಮಾಡಾಕತ್ತೀನೋ, ಮಾತಾಡಾಕತ್ತೀನೋ, ನೀವ ಹೇಳ್ರಿ.” ಆ ಹಾಸ್ಯವನ್ನು ಮತ್ತೆ ಆಡುವ ಹಕ್ಕು ಅವಳದು ಮಾತ್ರ. ಅವಳು ಆಡಿದಳೆಂದು ಅವನು ಅದನ್ನು ಮರಳಿ ಎತ್ತಿಕೊಂಡರೆ ಕಥೆ ಮೊದಲಿಗೇ ಬರುತ್ತದೆ.

ತಪ್ಪು ವಿಳಾಸಕ್ಕೆ ಹೋದ ಸಂದೇಶದ ವಿಚಾರ ತುಸು ಬೇರೆ. ಕಿರಾಣಿ ಅಂಗಡಿಯ ಪಟ್ಟಿ ಹುಡುಗಿಗೆ ಹೋದರೆ ಅದಕ್ಕೆ ಕ್ಷಮಾಯಾಚನೆಯ ಅಗತ್ಯವೇ ಇಲ್ಲ. “ಇದು ಅಮ್ಮನಿಗೆ ಹೋಗಬೇಕಿತ್ತು” ಎಂದು ನಕ್ಕರೆ ಸಾಕು. ಬೇರೆಯವರ ಬ್ಯಾಂಕ್ ವಿವರವೋ ಖಾಸಗಿ ಚಿತ್ರವೋ ಹೋದರೆ ಕೂಡಲೇ ಅಳಿಸಬೇಕು, ಏನನ್ನು ಏಕೆ ಅಳಿಸಿದೆನೆಂದು ಹೇಳಲೂ ಬೇಕು. ಇಲ್ಲಿ ಅಳಿಸುವುದು ಇನ್ನೊಬ್ಬರ ರಕ್ಷಣೆಗೆ, ನಮ್ಮ ಮಾನ ಕಾಯಲು ಅಲ್ಲ. ನಿಜವಾದ ಕಷ್ಟ ಮೂರನೆಯ ಬಗೆಯದು. ಗೆಳೆಯನಿಗೆಂದು ಬರೆದ “ಹುಡುಗಿ ಒಳ್ಳೆಯವಳು, ಆದ್ರೆ ಅವರಪ್ಪನ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಯ್ತು” ಎಂಬ ಸಾಲು ಹುಡುಗಿಗೇ ಹೋಯಿತೆಂದು ಭಾವಿಸಿ. “ಸಾರಿ, ಇದು ನಿಮಗಲ್ಲ” ಎಂದರೆ ಮುಗಿಯದು. ತಪ್ಪಿದ್ದು ವಿಳಾಸ ಮಾತ್ರ, ಮಾತು ಅವನ ಮನಸ್ಸಿನದೇ ಎಂದು ಆಕೆಗೆ ಗೊತ್ತು. ಬೇರೆ ಯಾರದೋ ಕಥೆಯೆಂದು ಸುಳ್ಳು ಕಟ್ಟಿದರೆ ಅದು ತಿಳಿಯುವ ದಿನ ಮದುವೆಯ ನಂತರವೂ ಬರಬಹುದು. ಅಲ್ಲಿರುವ ದಾರಿ ಒಂದೇ, ಮಾತಿನ ಒಡೆತನವನ್ನು ಒಪ್ಪುವುದು: “ಗೆಳೆಯನಿಗೆ ಬರೆದದ್ದು ನಿಮಗೆ ಬಂತು. ಅವರ ಪ್ರಶ್ನೆಗಳಿಂದ ನಾನು ತಡವರಿಸಿದ್ದು ನಿಜ. ಅದನ್ನ ಹೀಗೆ ಹಗುರವಾಗಿ ಹೇಳಬಾರದಿತ್ತು. ಮಗಳ ವಿಷಯಕ್ಕೆ ಯಾವ ತಂದೆಯೂ ಕೇಳುವ ಪ್ರಶ್ನೆಗಳೇ ಅವು.” ಇದರಲ್ಲಿ ಮುಜುಗರ ಇದೆ, ಆದರೆ ಸುಳ್ಳಿಲ್ಲ.

ಇಷ್ಟೆಲ್ಲ ಏಕೆ, ಸುಮ್ಮನಿದ್ದರೆ ತಾನೇ ಮರೆತುಹೋಗುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಗುಣಿತ ತಪ್ಪಿದ್ದು, ಹೆಸರಿನ ಒಂದು ಅಕ್ಷರ ಜಾರಿದ್ದು, ನಗು ಬಾರದ ಸಪ್ಪೆ ಹಾಸ್ಯ ಇವಕ್ಕೆಲ್ಲ ದೀರ್ಘ ಕ್ಷಮೆ ಕೇಳಿದರೆ ಇಲ್ಲದ ಗಾಯವನ್ನು ತೋರಿಸಿದಂತಾಗುತ್ತದೆ. ಹೇಳಬೇಕೋ ಬಿಡಬೇಕೋ ಎಂಬುದಕ್ಕೆ ನಾನು ಕಂಡ ಅಳತೆ ಇದು: ಮಾತು ನನ್ನ ಪೆದ್ದುತನವನ್ನು ಮಾತ್ರ ತೋರಿಸಿತೇ, ಅಥವಾ ಎದುರಿನವರ ಮನೆ, ಊರು, ದೇಹ, ನುಡಿ, ವೃತ್ತಿಗಳಲ್ಲಿ ಯಾವುದನ್ನಾದರೂ ಮುಟ್ಟಿತೇ? ಮೊದಲನೆಯದಾದರೆ ನಕ್ಕು ಬಿಡಬಹುದು. ಎರಡನೆಯದಾದರೆ ಹೆಸರಿಸಿ ಒಪ್ಪಲೇಬೇಕು.

ಈ ಬಗೆಗೂ ಒಂದು ಮಿತಿಯಿದೆ. ಬಣ್ಣ, ಬಡತನ, ವರದಕ್ಷಿಣೆ, ಜಾತಿಗಳನ್ನು ಹಿಡಿದು ಮಾಡಿದ ಹಾಸ್ಯವನ್ನು ಕೇಳಿದವರು ಅದನ್ನು ಜಾರಿದ ಮಾತೆಂದು ಎಣಿಸದೆ ಮನಸ್ಸಿನ ಕಿಟಕಿಯೆಂದು ಎಣಿಸಿದರೆ ಅದು ಅವರ ವಿವೇಕ. ಪರಿಚಯದ ಕಾಲ ಇರುವುದೇ ಪರಸ್ಪರ ಅರಿಯುವುದಕ್ಕೆ. ಸರಿಯಾಗಿ ಕ್ಷಮೆ ಕೇಳಿದ ಮೇಲೂ ಅವರು ‘ಇದು ಮುಂದುವರಿಯುವುದು ಬೇಡ’ ಎಂದರೆ ಕ್ಷಮೆ ವ್ಯರ್ಥವಾಯಿತೆಂದು ಭಾವಿಸಬಾರದು. ಒಪ್ಪಿದೆನೆಂದು ಹೇಳಿ ಸರಿಯಬೇಕು. ಹಿರಿಯರ ಮೂಲಕ ಒತ್ತಡ ತರುವುದು, ಗೆಳತಿಯರ ಸಂಖ್ಯೆ ಹುಡುಕಿ ಬರೆಯುವುದು ಕೇಳಿದ ಕ್ಷಮೆಯನ್ನೇ ಸುಳ್ಳಾಗಿಸುತ್ತದೆ. ಹಾಗೆಯೇ ಒಂದೇ ಬಗೆಯ ಮಾತು ಮೂರನೆಯ ಸಲ ಜಾರಿದರೆ ಅದನ್ನು ಜಾರಿದ್ದೆನ್ನಲಾಗದು, ಅದು ಅವನ ನಡೆಯೇ ಸರಿ.

ಆ ಹುಡುಗನ ದೂರವಾಣಿಯಲ್ಲಿ ಐದನೆಯ ರಾತ್ರಿಯ ‘ಅಳಿಸಲಾಗಿದೆ’ ಎಂಬ ಸಾಲು ಇಂದಿಗೂ ಹಾಗೆಯೇ ಇದೆಯಂತೆ. ಅದರ ಕೆಳಗೆ ಮರುಸಂಜೆಯ ಆರು ವಾಕ್ಯಗಳಿವೆ. ಅಳಿಸಿದ್ದೇನು ಎಂಬುದನ್ನು ಆ ಆರು ವಾಕ್ಯಗಳೇ ಹೇಳುವುದರಿಂದ ಮೇಲಿನ ಸಾಲಿನಲ್ಲಿ ಈಗ ಮುಚ್ಚಿಟ್ಟದ್ದು ಏನೂ ಉಳಿದಿಲ್ಲ.